ನ್ಯಾಯಬೆಲೆ ಅಂಗಡಿಯ ಪರವಾನಗಿ ರದ್ದಾದಾಗ: ನೈಸರ್ಗಿಕ ನ್ಯಾಯದ ಸಮಸ್ಯೆಗೆ ಉತ್ತರ ಬರೆಯುವ ಕ್ರಮ

ಆಡಳಿತ ಕಾನೂನಿನ ಪರೀಕ್ಷೆಯಲ್ಲಿ ನೈಸರ್ಗಿಕ ನ್ಯಾಯದ ಸಮಸ್ಯೆ ಬಂದರೆ ಹೆಚ್ಚಿನವರು ಮೊದಲ ಪುಟವನ್ನು ತತ್ವದ ಇತಿಹಾಸಕ್ಕೆ ಕೊಡುತ್ತಾರೆ. ಎರಡನೆಯ ಪುಟದಲ್ಲಿ ಹತ್ತು ತೀರ್ಪುಗಳ ಹೆಸರು ಬರುತ್ತದೆ. ಕೊನೆಯ ನಾಲ್ಕು ಸಾಲಿನಲ್ಲಿ ‘ಆದ್ದರಿಂದ ಆದೇಶ ಅಸಿಂಧು’ ಎಂದು ಮುಗಿಯುತ್ತದೆ. ಸಮಸ್ಯೆಯಲ್ಲಿದ್ದ ಮನುಷ್ಯರು, ದಿನಾಂಕಗಳು, ಕಾಗದಗಳು ಉತ್ತರದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಮೌಲ್ಯಮಾಪಕರು ಹುಡುಕುವುದು ಅವುಗಳನ್ನೇ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಬರೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ನನ್ನ ಪ್ರಕಾರ ಇಡೀ ಉತ್ತರ ಎರಡು ಪ್ರಶ್ನೆಗಳ ಮೇಲೆ ನಿಲ್ಲುತ್ತದೆ. ತೀರ್ಮಾನ ಮಾಡಿದವರು ಯಾರು? ತನ್ನ ಸಮಜಾಯಿಷಿ ಕೊಡುವಾಗ ಬಾಧಿತ ವ್ಯಕ್ತಿಗೆ ಏನು ಗೊತ್ತಿರಲಿಲ್ಲ? ಮೊದಲನೆಯದು ಪಕ್ಷಪಾತದ ಪ್ರಶ್ನೆ, ಎರಡನೆಯದು ಅಹವಾಲು ಆಲಿಸುವ ಹಕ್ಕಿನ ಪ್ರಶ್ನೆ. ಒಂದು ಕಾಲ್ಪನಿಕ ಸಮಸ್ಯೆಯನ್ನು ಎದುರಿಗಿಟ್ಟುಕೊಂಡು ಹಂತ ಹಂತವಾಗಿ ಬಿಡಿಸೋಣ.

ಸಮಸ್ಯೆ

ಒಬ್ಬ ಮಹಿಳೆ ಹಳ್ಳಿಯೊಂದರಲ್ಲಿ ಹಲವು ವರ್ಷಗಳಿಂದ ನ್ಯಾಯಬೆಲೆ ಅಂಗಡಿ ನಡೆಸುತ್ತಿದ್ದಾರೆ. ಮಾರ್ಚ್ 3ರಂದು ಆಹಾರ ನಿರೀಕ್ಷಕರು ಅಂಗಡಿ ತಪಾಸಣೆ ಮಾಡಿದರು. ದಾಸ್ತಾನು ಪುಸ್ತಕದ ಪ್ರಕಾರ 42 ಕ್ವಿಂಟಲ್ ಅಕ್ಕಿ ಇರಬೇಕಿತ್ತು, ತೂಗಿದಾಗ ಸಿಕ್ಕಿದ್ದು 38. ಮಹಜರಿಗೆ ಆಕೆ ಸಹಿ ಹಾಕಿದರು. ನಿರೀಕ್ಷಕರು ಐವರು ಕಾರ್ಡುದಾರರಿಂದ ‘ನಮಗೆ ಕಡಿಮೆ ಅಕ್ಕಿ ಕೊಟ್ಟಿದ್ದಾರೆ’ ಎಂಬ ಹೇಳಿಕೆ ಪಡೆದು, ವರದಿಯೊಂದಿಗೆ ಜಿಲ್ಲೆಯ ಉಪನಿರ್ದೇಶಕರಿಗೆ ಕಳುಹಿಸಿದರು. ಮಾರ್ಚ್ 5ರಂದು ಉಪನಿರ್ದೇಶಕರು ಪರವಾನಗಿಯನ್ನು ಅಮಾನತಿನಲ್ಲಿಟ್ಟು, ಕಾರ್ಡುಗಳನ್ನು ಪಕ್ಕದ ಹಳ್ಳಿಯ ಅಂಗಡಿಗೆ ಸೇರಿಸಿದರು. ಮಾರ್ಚ್ 10ರಂದು ಆಕೆಗೆ ಕಾರಣ ಕೇಳುವ ನೋಟಿಸ್ ಬಂತು: ‘ನೀವು ಪಡಿತರ ಅಕ್ಕಿಯನ್ನು ಕಾಳಸಂತೆಯಲ್ಲಿ ಮಾರಿರುವುದು ಸಾಬೀತಾಗಿದೆ. ಪರವಾನಗಿಯನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ 3 ದಿನಗಳಲ್ಲಿ ಉತ್ತರಿಸಿ.’

ಮಾರ್ಚ್ 12ರಂದು ಆಕೆ ಕೊರತೆಗೆ ತಾನು ಕಾರಣಳಲ್ಲ ಎಂದು ಚುಟುಕಾಗಿ ಉತ್ತರಿಸಿ, ನಿರೀಕ್ಷಕರ ವರದಿ ಮತ್ತು ಕಾರ್ಡುದಾರರ ಹೇಳಿಕೆಗಳ ಪ್ರತಿ ಕೇಳಿದರು. ಹೇಳಿಕೆ ಕೊಟ್ಟವರನ್ನು ಪ್ರಶ್ನಿಸಲು ಅವಕಾಶವನ್ನೂ ಕೋರಿದರು. ಯಾವುದಕ್ಕೂ ಜವಾಬು ಬರಲಿಲ್ಲ. ಮಾರ್ಚ್ 20ರಂದು ‘ಉತ್ತರ ತೃಪ್ತಿಕರವಾಗಿಲ್ಲ’ ಎಂಬ ಒಂದೇ ಕಾರಣ ಬರೆದು ಪರವಾನಗಿ ರದ್ದಾಯಿತು. ಪಕ್ಕದ ಹಳ್ಳಿಯ ಅಂಗಡಿ ಉಪನಿರ್ದೇಶಕರ ಭಾವಮೈದುನನದು ಎಂಬುದು ಆಕೆಗೆ ಮಾರ್ಚ್ 25ರಂದು ತಿಳಿಯಿತು. ಆಕೆಯ ಪರವಾನಗಿಗಾಗಿ ಆತ ಫೆಬ್ರವರಿಯಲ್ಲಿಯೇ ಅರ್ಜಿ ಹಾಕಿಕೊಂಡಿದ್ದ.

ಏಪ್ರಿಲ್‌ನಲ್ಲಿ ಆಕೆ ಈ ನಂಟನ್ನೂ ಎತ್ತಿ ಮೇಲ್ಮನವಿ ಸಲ್ಲಿಸಿದರು. ಮೇಲ್ಮನವಿ ಅಧಿಕಾರಿ ದಾಖಲೆಗಳ ಪ್ರತಿ ಕೊಡಿಸಿ, ಆಕೆಯ ವಾದ ಕೇಳಿ, ‘ಕೆಳಗಿನ ಆದೇಶದಲ್ಲಿ ಮಧ್ಯಪ್ರವೇಶಿಸಲು ಕಾರಣ ಕಾಣುತ್ತಿಲ್ಲ’ ಎಂದು ವಜಾ ಮಾಡಿದರು. ನಿಯಮದಲ್ಲಿ ರದ್ದತಿಯ ಅಧಿಕಾರ ಉಪನಿರ್ದೇಶಕರದು. ಆದರೆ ಸರ್ಕಾರ ಆ ಅಧಿಕಾರವನ್ನು ಬೇರೆ ಅಧಿಕಾರಿಗೂ ವಹಿಸಬಹುದು. ಆಕೆಗೆ ಸಲಹೆ ನೀಡಿ.

ಹಂತ 1: ದಿನಾಂಕಗಳ ಪಟ್ಟಿ, ಜೊತೆಗೆ ‘ಆಗ ಆಕೆಗೆ ಏನು ಗೊತ್ತಿತ್ತು’

ಉತ್ತರ ಬರೆಯುವ ಮೊದಲು ಕಚ್ಚಾ ಹಾಳೆಯ ಎಡಕ್ಕೆ ದಿನಾಂಕಗಳನ್ನು ಬರೆಯಿರಿ. ಬಲಕ್ಕೆ, ಆ ದಿನ ಆಕೆಯ ಕೈಯಲ್ಲಿ ಯಾವ ಮಾಹಿತಿ ಇತ್ತು ಎಂದು ಬರೆಯಿರಿ. ಮಾರ್ಚ್ 12ರ ಎದುರು ಏನು ಬರುತ್ತದೆ ನೋಡಿ: ನೋಟಿಸ್ ಇದೆ, ವರದಿ ಇಲ್ಲ, ಹೇಳಿಕೆಗಳಿಲ್ಲ, ಭಾವಮೈದುನನ ಸಂಗತಿ ಗೊತ್ತಿಲ್ಲ. ಈ ಒಂದು ಸಾಲಿನಿಂದ ಉತ್ತರದ ಮುಕ್ಕಾಲು ಭಾಗ ಹುಟ್ಟುತ್ತದೆ.

ಮಹಜರಿನ ಸಹಿ ಆಕೆಗೆ ವಿರುದ್ಧವಾಗಿ ಕಾಣುವ ಸಂಗತಿ. ಅದನ್ನು ಪಟ್ಟಿಯಿಂದ ಬಿಡಬೇಡಿ. ಪ್ರಶ್ನೆಪತ್ರಿಕೆ ತಯಾರಿಸುವವರು ಇಂತಹ ಸಂಗತಿಯನ್ನು ಬೇಕೆಂದೇ ಇಟ್ಟಿರುತ್ತಾರೆ, ಅದನ್ನು ಕಾಣದಂತೆ ನಟಿಸಿದ ಉತ್ತರಕ್ಕೆ ಅಂಕ ಕಡಿಮೆ.

ಪ್ರತಿಗಳು ಮೇಲ್ಮನವಿಯಲ್ಲಿ ಸಿಕ್ಕ ಮೇಲೆ ಎರಡು ಸಂಗತಿ ಹೊರಬಂದವು ಎಂದು ಇಟ್ಟುಕೊಳ್ಳಿ. ಪುಸ್ತಕದ 42 ಕ್ವಿಂಟಲ್‌ನಲ್ಲಿ, ಸಗಟು ಮಳಿಗೆಯಿಂದ ಮಾರ್ಚ್ 2ರಂದು ಹೊರಟಿದೆ ಎಂದು ನಮೂದಾಗಿದ್ದ 4 ಕ್ವಿಂಟಲ್ ಸೇರಿತ್ತು. ಆದರೆ ಲಾರಿ ಅದನ್ನು ಇಳಿಸಿದ್ದು ಮಾರ್ಚ್ 4ರಂದು, ತಪಾಸಣೆಯ ಮರುದಿನ. ಸ್ವೀಕೃತಿ ಚೀಟಿ ಆಕೆಯ ಬಳಿ ಇದೆ. ಇನ್ನೊಂದು, ಕಾರ್ಡುದಾರರ ಹೇಳಿಕೆಗಳಲ್ಲಿ ‘ಕಡಿಮೆ ಕೊಟ್ಟರು’ ಎಂದಿರುವ ದಿನ ಅಂಗಡಿಯ ಬೆರಳಚ್ಚು ಯಂತ್ರದಲ್ಲಿ ಒಂದೂ ವಿತರಣೆ ದಾಖಲಾಗಿಲ್ಲ.

ಹಂತ 2: ತತ್ವ ಅನ್ವಯಿಸುತ್ತದೆಯೇ? ಎರಡು ವಾಕ್ಯದಲ್ಲಿ ಮುಗಿಸಿ

ಪರವಾನಗಿ ರದ್ದತಿ ಆಡಳಿತಾತ್ಮಕ ಆದೇಶವೋ ಅರೆ-ನ್ಯಾಯಿಕ ಆದೇಶವೋ ಎಂಬ ಚರ್ಚೆಗೆ ಪುಟ ವ್ಯಯಿಸುವ ಕಾಲ ಎಂದೋ ಹೋಯಿತು. 1969ರ ಎ. ಕೆ. ಕ್ರೈಪಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಗೆರೆ ತೆಳುವಾಗಿ ಅಳಿಸಿಹೋಗುತ್ತಿದೆ ಎಂದಿತು. ಜೀವನೋಪಾಯಕ್ಕೆ ಆಧಾರವಾದ ಪರವಾನಗಿಯನ್ನು ಆರೋಪ ಹೊರಿಸಿ ಕಸಿಯುವಾಗ ನ್ಯಾಯೋಚಿತ ಕ್ರಮ ಬೇಕು ಎಂದು ಬರೆದರೆ ಸಾಕು. ನೈಸರ್ಗಿಕ ನ್ಯಾಯದ ಉಲ್ಲಂಘನೆ ಸಂವಿಧಾನದ 14ನೇ ವಿಧಿಯ ಉಲ್ಲಂಘನೆಯೂ ಹೌದು ಎಂದು 1985ರ ತುಳಸೀರಾಂ ಪಟೇಲ್ ಪ್ರಕರಣ ಹೇಳಿದೆ. ಅದನ್ನು ಇಲ್ಲಿ ಸೇರಿಸಿ ಮುಂದೆ ಹೋಗಿ.

ಮಾರ್ಚ್ 5ರ ಅಮಾನತಿನ ಬಗ್ಗೆ ಒಂದು ಎಚ್ಚರಿಕೆ. ಮುಂಚೆ ಆಲಿಸದೆ ಅಮಾನತು ಮಾಡಿದ್ದೇ ಅಕ್ರಮ ಎಂದು ಆವೇಶದಿಂದ ಬರೆಯಬೇಡಿ. ಪಡಿತರ ವಿತರಣೆ ನಿಲ್ಲಬಾರದು ಎಂಬ ತುರ್ತಿನಲ್ಲಿ ತಾತ್ಕಾಲಿಕ ಕ್ರಮ ಕೈಗೊಂಡು ನಂತರ ಆಲಿಸಬಹುದು. 1984ರ ಲಿಬರ್ಟಿ ಆಯಿಲ್ ಮಿಲ್ಸ್ ತೀರ್ಪು ಮಧ್ಯಂತರ ಕ್ರಮಗಳಿಗೆ ಅಂತಹ ಸಡಿಲಿಕೆ ಕೊಡುತ್ತದೆ. ದುರ್ಬಲ ವಾದವನ್ನು ಬಿಟ್ಟುಕೊಟ್ಟರೆ ಗಟ್ಟಿ ವಾದಕ್ಕೆ ಬಲ ಬರುತ್ತದೆ. ಅಮಾನತಿನ ತೊಂದರೆ ಆಲಿಸದೇ ಇದ್ದುದರಲ್ಲಿಲ್ಲ, ಅದರಿಂದ ಲಾಭ ಯಾರಿಗಾಯಿತು ಎಂಬುದರಲ್ಲಿದೆ. ಅದು ಮುಂದಿನ ಹಂತದ ವಿಷಯ.

ಹಂತ 3: ಪಕ್ಷಪಾತ

ಮೊದಲು ಪಕ್ಷಪಾತದ ಬಗೆಯನ್ನು ಸರಿಯಾಗಿ ಗುರುತಿಸಬೇಕು. ಇದನ್ನು ‘ಹಣಕಾಸಿನ ಪಕ್ಷಪಾತ’ ಎಂದು ಬರೆಯುವವರು ಬಹಳ. ಹಣಕಾಸಿನ ಹಿತಾಸಕ್ತಿ ತೀರ್ಮಾನ ಮಾಡುವವರ ಸ್ವಂತದ್ದಾಗಿದ್ದರೆ, ಅದು ಎಷ್ಟೇ ಚಿಕ್ಕದಾಗಿದ್ದರೂ ಅವರು ಅನರ್ಹರು. 1852ರ ಡೈಮ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ತಾವು ಷೇರು ಹೊಂದಿದ್ದ ಕಾಲುವೆ ಕಂಪನಿಯ ಪರ ತೀರ್ಪು ಕೊಟ್ಟಿದ್ದರು. ಅವರ ಮೇಲೆ ಆ ಷೇರಿನ ಪ್ರಭಾವ ಬಿದ್ದಿತ್ತು ಎಂದು ಯಾರೂ ಹೇಳದಿದ್ದರೂ ತೀರ್ಪು ಬಿದ್ದುಹೋಯಿತು. ಇಲ್ಲಿ ಲಾಭ ಉಪನಿರ್ದೇಶಕರ ಜೇಬಿಗೆ ಹೋಗಿಲ್ಲ, ಭಾವಮೈದುನನಿಗೆ ಹೋಗಿದೆ. ಆದ್ದರಿಂದ ಇದು ಸಂಬಂಧದಿಂದ ಬರುವ ವೈಯಕ್ತಿಕ ಪಕ್ಷಪಾತ. ಬಗೆ ಬದಲಾದರೆ ಒರೆಗಲ್ಲೂ ಬದಲಾಗುತ್ತದೆ: ಸ್ವಂತ ಹಣದ ವಿಷಯದಲ್ಲಿ ಅನರ್ಹತೆ ತಾನಾಗಿಯೇ ಬರುತ್ತದೆ, ವೈಯಕ್ತಿಕ ಪಕ್ಷಪಾತದಲ್ಲಿ ‘ನೈಜ ಸಂಭವ’ ತೋರಿಸಬೇಕು.

ನೈಜ ಸಂಭವ ಎಂದರೆ ಅಧಿಕಾರಿಯ ಮನಸ್ಸಿನಲ್ಲಿ ಪಕ್ಷಪಾತವಿತ್ತು ಎಂದು ಸಾಬೀತು ಮಾಡುವುದಲ್ಲ. ಅದನ್ನು ಯಾರೂ ಮಾಡಲಾರರು. 1987ರ ರಂಜಿತ್ ಠಾಕೂರ್ ಪ್ರಕರಣದಲ್ಲಿ ಸೈನಿಕನೊಬ್ಬ ಯಾವ ಕಮಾಂಡಿಂಗ್ ಅಧಿಕಾರಿಯ ವಿರುದ್ಧ ದೂರಿದ್ದನೋ, ಅದೇ ಅಧಿಕಾರಿ ಅವನ ಸೇನಾ ವಿಚಾರಣೆಯಲ್ಲಿ ಕುಳಿತಿದ್ದರು. ನ್ಯಾಯಾಧೀಶ ತನ್ನ ಮನಸ್ಸನ್ನು ನೋಡಿಕೊಂಡು ‘ನನಗೆ ಪಕ್ಷಪಾತವಿದೆಯೇ’ ಎಂದು ಕೇಳಿಕೊಳ್ಳಬಾರದು, ಎದುರಿಗಿರುವ ಪಕ್ಷಗಾರನ ಮನಸ್ಸಿನ ಕಡೆ ನೋಡಬೇಕು ಎಂದು ಕೋರ್ಟ್ ಹೇಳಿತು. ಆ ತೀರ್ಪು ಬರೆದವರು ನಮ್ಮ ಎಂ. ಎನ್. ವೆಂಕಟಾಚಲಯ್ಯ. ಕ್ರೈಪಾಕ್ ತೀರ್ಪು ಕಾರ್ಕಳ ಕಡೆಯ ಕೌಡೂರು ಸದಾನಂದ ಹೆಗ್ಡೆಯವರದು. ಈ ವಿಷಯದಲ್ಲಿ ಭಾರತದ ಎರಡು ಮುಖ್ಯ ತೀರ್ಪುಗಳು ಕನ್ನಡನಾಡಿನವರ ಕೈಯಿಂದ ಬಂದಿವೆ ಎಂಬುದು ಅಂಕಕ್ಕೆ ಸಂಬಂಧಿಸಿದ್ದಲ್ಲ, ಆದರೂ ನೆನಪಿಡಲು ಸಹಾಯವಾದೀತು.

ಕ್ರೈಪಾಕ್ ಪ್ರಕರಣದ ಸಂಗತಿಗಳನ್ನು ಸ್ವಲ್ಪ ವಿವರವಾಗಿ ತಿಳಿದಿರಬೇಕು, ಏಕೆಂದರೆ ನಮ್ಮ ಸಮಸ್ಯೆಗೆ ಅದು ಎರಡು ಕಡೆ ಬೇಕಾಗುತ್ತದೆ. ಭಾರತೀಯ ಅರಣ್ಯ ಸೇವೆಗೆ ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು. ಅವರೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಹೊರಗೆ ಹೋದರು, ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ಕೊನೆಯ ಆಯ್ಕೆ ಮಾಡಿದ್ದು ಕೇಂದ್ರ ಲೋಕಸೇವಾ ಆಯೋಗ. ಆದರೂ ಪಟ್ಟಿ ರದ್ದಾಯಿತು. ಬುಡದಲ್ಲಿ ಸೇರಿದ ದೋಷವನ್ನು ಮೇಲಿನವರ ಸಮ್ಮತಿ ತೊಳೆಯಲಿಲ್ಲ.

ಈಗ ನಮ್ಮ ಸಂಗತಿಗಳನ್ನು ಒರೆಗಲ್ಲಿಗೆ ಹಚ್ಚಬೇಕು. ಬರಿಯ ನಂಟು ಸಾಲದು. ಜಿಲ್ಲೆಯಲ್ಲಿ ಉಪನಿರ್ದೇಶಕರಿಗೆ ಒಬ್ಬ ನೆಂಟ ಅಂಗಡಿಕಾರನಿದ್ದ ಮಾತ್ರಕ್ಕೆ ಜಿಲ್ಲೆಯ ಎಲ್ಲ ರದ್ದತಿಗಳೂ ಬೀಳುವುದಿಲ್ಲ. ಇಲ್ಲಿ ಮೂರು ಎಳೆಗಳು ಒಂದೇ ಕಡೆ ಸೇರಿವೆ: ನಂಟು ಹತ್ತಿರದ್ದು, ನೆಂಟ ಇದೇ ಪರವಾನಗಿಗೆ ಮೊದಲೇ ಅರ್ಜಿ ಹಾಕಿದ್ದ, ಅಮಾನತಾದ ಕೂಡಲೇ ಕಾರ್ಡುಗಳು ಅವನ ಅಂಗಡಿಗೇ ಹೋದವು. ಈ ಮೂರನ್ನೂ ತಿಳಿದ ಸಾಮಾನ್ಯ ವ್ಯಕ್ತಿಗೆ ತೀರ್ಮಾನ ನಿಷ್ಪಕ್ಷಪಾತವಾಗಿತ್ತು ಎಂದು ಅನ್ನಿಸುವುದು ಕಷ್ಟ. ಉತ್ತರದಲ್ಲಿ ಹೀಗೆ ಬರೆಯಬಹುದು:

> ಉಪನಿರ್ದೇಶಕರು ವಾಸ್ತವವಾಗಿ ಪಕ್ಷಪಾತ ಮಾಡಿದರು ಎಂದು ಅರ್ಜಿದಾರರು ಸಾಬೀತುಪಡಿಸಬೇಕಿಲ್ಲ. ರದ್ದತಿಯಿಂದ ನೇರ ಲಾಭ ಪಡೆಯುವ ಸ್ಥಾನದಲ್ಲಿ ಅವರ ಭಾವಮೈದುನ ಫೆಬ್ರವರಿಯಿಂದಲೇ ಇದ್ದುದರಿಂದ, ಪಕ್ಷಪಾತದ ನೈಜ ಸಂಭವವಿತ್ತೆಂಬ ಅರ್ಜಿದಾರರ ಆತಂಕ ಸಕಾರಣವಾದುದು. ಅವರು ಈ ಕಡತದಿಂದ ಹಿಂದೆ ಸರಿಯಬೇಕಿತ್ತು.

ಇಷ್ಟಕ್ಕೆ ನಿಲ್ಲಬೇಡಿ, ಇಲಾಖೆ ಎರಡು ಆಕ್ಷೇಪ ಎತ್ತುತ್ತದೆ. ಒಂದು ಅನಿವಾರ್ಯತೆಯ ಸಿದ್ಧಾಂತ: ‘ನಿಯಮ ಹೆಸರಿಸಿದ ಅಧಿಕಾರಿ ಒಬ್ಬರೇ, ಅವರು ಬಿಟ್ಟರೆ ಕೆಲಸವೇ ನಿಲ್ಲುತ್ತದೆ’. ಬೇರೆ ದಾರಿಯೇ ಇಲ್ಲದಿದ್ದರೆ ಈ ಮಾತಿಗೆ ಬೆಲೆ ಇದೆ. ಆದರೆ 1984ರ ಜೆ. ಮಹಾಪಾತ್ರ ಪ್ರಕರಣವನ್ನು ನೋಡಿ. ಒಡಿಶಾದಲ್ಲಿ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯಲ್ಲಿ ಆ ಪುಸ್ತಕಗಳ ಲೇಖಕರೇ ಇದ್ದರು. ಅವರ ಬದಲು ಬೇರೆಯವರನ್ನು ನೇಮಿಸಲು ಅಡ್ಡಿಯಿರಲಿಲ್ಲ, ಹಾಗಾಗಿ ಅನಿವಾರ್ಯತೆಯ ನೆಪ ನಡೆಯಲಿಲ್ಲ. ನಮ್ಮ ಸಮಸ್ಯೆಯಲ್ಲಿ ಅಧಿಕಾರವನ್ನು ಬೇರೆಯವರಿಗೆ ವಹಿಸಬಹುದು ಎಂಬ ಸಾಲನ್ನು ಸುಮ್ಮನೆ ಇಟ್ಟಿಲ್ಲ, ಅದು ಈ ವಾದಕ್ಕೆ ಉತ್ತರ.

ಇನ್ನೊಂದು ಆಕ್ಷೇಪ, ಆಕೆ ಸಕಾಲದಲ್ಲಿ ಹೇಳದೆ ಹಕ್ಕು ಬಿಟ್ಟುಕೊಟ್ಟರು ಎಂಬುದು. ಇದು ನಿಜಕ್ಕೂ ಅಪಾಯಕಾರಿ. 1957ರ ಮಾಣಕ್ ಲಾಲ್ ಪ್ರಕರಣದಲ್ಲಿ ವಕೀಲರೊಬ್ಬರ ದುರ್ನಡತೆ ವಿಚಾರಿಸಿದ ಮಂಡಳಿಯ ಅಧ್ಯಕ್ಷರು ಹಿಂದೊಮ್ಮೆ ದೂರುದಾರರ ಪರ ವಾದಿಸಿದ್ದರು. ಮಂಡಳಿಯ ರಚನೆ ದೋಷಪೂರಿತ ಎಂದು ಕೋರ್ಟ್ ಒಪ್ಪಿತು. ಆದರೂ ಆ ವಕೀಲರಿಗೆ ಪರಿಹಾರ ಸಿಗಲಿಲ್ಲ, ಏಕೆಂದರೆ ಗೊತ್ತಿದ್ದೂ ವಿಚಾರಣೆ ಮುಗಿಯುವವರೆಗೆ ಅವರು ಸುಮ್ಮನಿದ್ದರು. ಗೊತ್ತಿಲ್ಲದ ಹಕ್ಕನ್ನು ಯಾರೂ ಬಿಟ್ಟುಕೊಡಲಾರರು. ಆಕೆಗೆ ತಿಳಿದದ್ದು ಮಾರ್ಚ್ 25ಕ್ಕೆ, ಎತ್ತಿದ್ದು ಮೊದಲ ಅವಕಾಶವಾದ ಮೇಲ್ಮನವಿಯಲ್ಲಿ. ಹಂತ 1ರ ಪಟ್ಟಿಯ ಉಪಯೋಗ ಇಲ್ಲಿ ಗೊತ್ತಾಗುತ್ತದೆ.

ಹಂತ 4: ಅಹವಾಲು ಆಲಿಸುವ ಹಕ್ಕು

ನೋಟಿಸ್, ಆಧಾರಗಳ ಪ್ರತಿ, ಪಾಟಿ ಸವಾಲು, ಕಾರಣ ಸಹಿತ ಆದೇಶ ಎಂದು ಪಠ್ಯಪುಸ್ತಕಗಳು ಪಟ್ಟಿ ಕೊಡುತ್ತವೆ. ಪಟ್ಟಿಯ ಎಲ್ಲ ಅಂಶಗಳನ್ನೂ ಸಮಾನವಾಗಿ ಬರೆದರೆ ಉತ್ತರ ಸಪ್ಪೆಯಾಗುತ್ತದೆ. ಸಂಗತಿಗಳು ಎಲ್ಲಿ ಹೆಚ್ಚು ಇವೆಯೋ ಅಲ್ಲಿ ನಿಲ್ಲಿ.

ನೋಟಿಸ್‌ನಿಂದ ಶುರು ಮಾಡೋಣ. ಮೂರು ದಿನಗಳ ಗಡುವು ಕಡಿಮೆಯೇ, ಆದರೆ ಆಕೆ ಗಡುವಿನೊಳಗೆ ಉತ್ತರಿಸಿದ್ದಾರೆ, ಹೆಚ್ಚಿನ ಸಮಯ ಕೇಳಿಲ್ಲ. ಹಾಗಾಗಿ ಅದರ ಮೇಲೆ ಭಾರ ಹಾಕಬೇಡಿ. ‘ಸಾಬೀತಾಗಿದೆ’ ಎಂಬ ಒಂದು ಪದದ ಮೇಲೆ ಹಾಕಿ. ಕಾರಣ ಕೇಳುವ ನೋಟಿಸ್ ಆರೋಪವನ್ನು ಹೇಳಬೇಕು, ತೀರ್ಮಾನವನ್ನಲ್ಲ. 2010ರ ಓರಿಕ್ಸ್ ಫಿಶರೀಸ್ ಪ್ರಕರಣದಲ್ಲಿ ಸಮುದ್ರ ಉತ್ಪನ್ನ ರಫ್ತುದಾರರ ನೋಂದಣಿ ರದ್ದು ಮಾಡಲು ಕೊಟ್ಟ ನೋಟಿಸ್‌ನಲ್ಲಿಯೇ ತಪ್ಪು ನಡೆದಿದೆ ಎಂಬ ನಿರ್ಣಯವಿತ್ತು. ಮುಚ್ಚಿದ ಮನಸ್ಸಿನಿಂದ ಹೊರಟ ನೋಟಿಸ್‌ಗೆ ಉತ್ತರಿಸುವುದು ಬರಿಯ ಶಾಸ್ತ್ರವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಮುಂದಿನ ಎಲ್ಲವನ್ನೂ ರದ್ದುಪಡಿಸಿತು. ಇದನ್ನು ಪೂರ್ವನಿರ್ಧಾರವೆಂದು ಪಕ್ಷಪಾತದ ಕೆಳಗೂ ಬರೆಯಬಹುದು. ಎರಡು ಕಡೆ ಬರೆದು ಪುಟ ತುಂಬಿಸುವ ಬದಲು ಇಲ್ಲಿ ಬರೆದು, ‘ಇದು ಮೇಲಿನ ಪಕ್ಷಪಾತದ ಆತಂಕವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ’ ಎಂದು ಒಂದು ವಾಕ್ಯ ಸೇರಿಸಿ.

ಈ ಸಮಸ್ಯೆಯ ಹೃದಯ ಇರುವುದು ಆಧಾರಗಳ ಪ್ರತಿಯಲ್ಲಿ. ವರದಿಯನ್ನು ಆಧರಿಸಿ ಶಿಕ್ಷಿಸುವುದಾದರೆ ವರದಿಯನ್ನು ಮೊದಲು ತೋರಿಸಬೇಕು. ಸರ್ಕಾರಿ ನೌಕರರ ಶಿಸ್ತು ವಿಚಾರಣೆಗಳಲ್ಲಿ ಈ ನಿಯಮವನ್ನು 1993ರ ಇಸಿಐಎಲ್ ವಿರುದ್ಧ ಕರುಣಾಕರ್ ಪ್ರಕರಣದಲ್ಲಿ ಸಂವಿಧಾನ ಪೀಠ ಸ್ಥಿರಪಡಿಸಿತು. ಆಕೆ ನೌಕರಳಲ್ಲ, ಪರವಾನಗಿದಾರಳು. ಆದರೂ ತತ್ವದ ಬೇರು ಒಂದೇ: ಕಾಣದ ಕಾಗದಕ್ಕೆ ಉತ್ತರ ಕೊಡಲು ಸಾಧ್ಯವಿಲ್ಲ. ಇಲ್ಲಿ ‘ಪ್ರತಿ ಕೊಟ್ಟಿಲ್ಲ, ಆದ್ದರಿಂದ ಉಲ್ಲಂಘನೆ’ ಎಂದು ಬರೆದು ದಾಟಿಹೋದರೆ ಅವಕಾಶ ಕೈತಪ್ಪುತ್ತದೆ. ಆ ಪ್ರತಿಯಲ್ಲಿ ಏನಿತ್ತು, ಸಿಕ್ಕಿದ್ದರೆ ಮಾರ್ಚ್ 12ರಂದು ಆಕೆ ಏನು ಹೇಳುತ್ತಿದ್ದರು ಎಂದು ಬರೆಯಿರಿ. 42ರ ಲೆಕ್ಕದಲ್ಲಿ ಇನ್ನೂ ಬಾರದ 4 ಕ್ವಿಂಟಲ್ ಸೇರಿದೆ ಎಂಬುದು ವರದಿಯಲ್ಲಿ ಮಾತ್ರ ಕಾಣುತ್ತಿತ್ತು. ಅದನ್ನು ನೋಡಿದ್ದರೆ ಮಾರ್ಚ್ 4ರ ಸ್ವೀಕೃತಿ ಚೀಟಿಯನ್ನು ಆಕೆ ಉತ್ತರದೊಂದಿಗೆ ಲಗತ್ತಿಸುತ್ತಿದ್ದರು. ಆಗ ಕಾಳಸಂತೆಯ ಆರೋಪದ ಬುಡವೇ ಅಲುಗಾಡುತ್ತಿತ್ತು.

ಪಾಟಿ ಸವಾಲಿನ ವಿಷಯದಲ್ಲಿ ಕೈ ಬಿಗಿಹಿಡಿದು ಬರೆಯಬೇಕು. ಆಡಳಿತಾತ್ಮಕ ವಿಚಾರಣೆಯಲ್ಲಿ ಅದು ಯಾವಾಗಲೂ ಸಿಗುವ ಹಕ್ಕಲ್ಲ. 1973ರ ಹೀರಾನಾಥ್ ಮಿಶ್ರಾ ಪ್ರಕರಣದಲ್ಲಿ ರಾಂಚಿಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಮೇಲೆ ವಿದ್ಯಾರ್ಥಿನಿಯರ ಹಾಸ್ಟೆಲ್ಲಿಗೆ ನುಗ್ಗಿ ದುರ್ವರ್ತನೆ ತೋರಿದ ಆರೋಪವಿತ್ತು. ದೂರು ಕೊಟ್ಟವರನ್ನು ಅವರೆದುರು ನಿಲ್ಲಿಸಿ ಪ್ರಶ್ನಿಸಲು ಬಿಡದಿದ್ದುದು ತಪ್ಪಲ್ಲ ಎಂದು ಕೋರ್ಟ್ ಹೇಳಿತು. ನಮ್ಮಲ್ಲಿ ಅಂತಹ ಭಯದ ಸನ್ನಿವೇಶವಿಲ್ಲ, ಸಂಗತಿಯೂ ವಿವಾದಿತ, ಹಾಗಾಗಿ ವಾದಕ್ಕೆ ಸ್ವಲ್ಪ ಬಲವಿದೆ. ಆದರೂ ನಾನಾದರೆ ಇದನ್ನು ಪರ್ಯಾಯ ವಾದವಾಗಿ ಮಾತ್ರ ಇಡುತ್ತೇನೆ. ಹೇಳಿಕೆಗಳ ಪ್ರತಿ ಸಿಕ್ಕಿದ್ದರೆ ಸಾಕಿತ್ತು, ಯಂತ್ರದ ದಾಖಲೆಯನ್ನು ಎದುರಿಗಿಟ್ಟು ಯಾರನ್ನೂ ಪ್ರಶ್ನಿಸದೆಯೇ ಅವುಗಳನ್ನು ಆಕೆ ಅಲ್ಲಗಳೆಯಬಹುದಿತ್ತು. ಪಾಟಿ ಸವಾಲಿನ ಮೇಲೆಯೇ ಎಲ್ಲವನ್ನೂ ನಿಲ್ಲಿಸಿದ ಉತ್ತರ, ಹೀರಾನಾಥ್ ತೀರ್ಪನ್ನು ಎದುರು ಪಕ್ಷ ತೆಗೆದ ಕೂಡಲೇ ಕುಸಿಯುತ್ತದೆ.

ಆದೇಶದಲ್ಲಿ ಕಾರಣವಿಲ್ಲ ಎಂಬುದು ಚಿಕ್ಕ ಅಂಶ, ಎರಡು ಸಾಲು ಸಾಕು. ‘ಉತ್ತರ ತೃಪ್ತಿಕರವಾಗಿಲ್ಲ’ ಎಂಬುದು ಕಾರಣವಲ್ಲ, ತೀರ್ಮಾನ. ಕೋರ್ಟಿಗೆ ಬಂದ ಮೇಲೆ ಇಲಾಖೆ ಪ್ರಮಾಣಪತ್ರದಲ್ಲಿ ಹೊಸ ಕಾರಣಗಳನ್ನು ತುಂಬಲೂ ಬರುವುದಿಲ್ಲ. ಆದೇಶದ ಸಿಂಧುತ್ವವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು ಎಂದು 1978ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣ ಹೇಳಿದೆ.

ಹಂತ 5: ‘ಆಲಿಸಿದ್ದರೂ ಏನು ಬದಲಾಗುತ್ತಿತ್ತು?’

ಈಚಿನ ವರ್ಷಗಳಲ್ಲಿ ಇಲಾಖೆಗಳು ಗೆಲ್ಲುವುದು ಹೆಚ್ಚಾಗಿ ಈ ಪ್ರಶ್ನೆಯಿಂದ. ಆಲಿಸದೇ ಇದ್ದ ಮಾತ್ರಕ್ಕೆ ಆದೇಶ ಬೀಳುವುದಿಲ್ಲ, ಅದರಿಂದ ನಿಜವಾದ ಹಾನಿ ಆಗಿರಬೇಕು ಎಂಬುದು 2020ರ ಸುಧೀರ್ ಕುಮಾರ್ ಸಿಂಗ್ ಪ್ರಕರಣದವರೆಗೆ ಕೋರ್ಟ್ ಮತ್ತೆ ಮತ್ತೆ ಹೇಳಿದ ಮಾತು. ಕರುಣಾಕರ್ ಪ್ರಕರಣದಲ್ಲಿಯೂ ವರದಿ ಕೊಟ್ಟಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲವಾದರೆ ಶಿಕ್ಷೆ ಉಳಿಯುತ್ತದೆ ಎಂಬ ಷರತ್ತಿದೆ. 1980ರ ಎಸ್. ಎಲ್. ಕಪೂರ್ ವಿರುದ್ಧ ಜಗಮೋಹನ್ ಪ್ರಕರಣದ ಮಾತು ಮಾತ್ರ ಆಕೆಯ ಪರವಾಗಿ ನಿಲ್ಲುತ್ತದೆ: ಆಲಿಸದೇ ಇರುವುದೇ ಹಾನಿ. ಆದರೆ ಅಲ್ಲಿಯೂ ಒಂದು ಅಪವಾದವಿದೆ. ಒಪ್ಪಿಕೊಂಡ ಸಂಗತಿಗಳಿಂದ ಒಂದೇ ತೀರ್ಮಾನ ಸಾಧ್ಯವಿದ್ದರೆ ಕೋರ್ಟ್ ವ್ಯರ್ಥ ಕಸರತ್ತಿಗೆ ಆದೇಶಿಸದು.

ಮಹಜರಿನ ಸಹಿ ಇಲ್ಲಿ ಬಂದು ಕೂರುತ್ತದೆ. ‘ಕೊರತೆಯನ್ನು ಆಕೆಯೇ ಒಪ್ಪಿದ್ದಾರಲ್ಲ’ ಎನ್ನುತ್ತದೆ ಇಲಾಖೆ. ಆಕೆ ಒಪ್ಪಿದ್ದು ಏನನ್ನು ಎಂದು ಬಿಡಿಸಿ ನೋಡಿ. ತಕ್ಕಡಿಯಲ್ಲಿ 38 ಕ್ವಿಂಟಲ್ ಬಂತು ಎಂಬುದನ್ನು ಒಪ್ಪಿದ್ದಾರೆ. ಉಳಿದ 4 ಕ್ವಿಂಟಲ್ ಎಲ್ಲಿ ಹೋಯಿತು ಎಂಬುದು ಮಹಜರಿನಲ್ಲಿ ಇಲ್ಲ, ಆಕೆ ಅದನ್ನು ಎಂದೂ ಒಪ್ಪಿಲ್ಲ. ಕಾಳಸಂತೆ ಎಂಬುದು ಸಂಗತಿಯಲ್ಲ, ಸಂಗತಿಯಿಂದ ಅಧಿಕಾರಿ ತೆಗೆದ ಊಹೆ. ಇನ್ನೂ ಒಂದು ಅಂಶವಿದೆ: ತಪ್ಪು ಇದೆ ಎಂದೇ ಇಟ್ಟುಕೊಂಡರೂ ಶಿಕ್ಷೆ ರದ್ದತಿಯೇ ಆಗಬೇಕು ಎಂದಿಲ್ಲ. ದಂಡದ ಪ್ರಮಾಣದಲ್ಲಿ ಆಯ್ಕೆ ಇರುವವರೆಗೆ ‘ಒಂದೇ ತೀರ್ಮಾನ’ ಎಂಬ ವಾದ ನಿಲ್ಲದು. ಹೀಗಾಗಿ ಹಾನಿಯ ಪರೀಕ್ಷೆಯನ್ನು ಎಷ್ಟು ಕಠಿಣವಾಗಿ ಅನ್ವಯಿಸಿದರೂ ಆಕೆ ಗೆಲ್ಲುತ್ತಾರೆ, ಏಕೆಂದರೆ ಹಾನಿಯನ್ನು ಬೆರಳಿಟ್ಟು ತೋರಿಸುವ ಚೀಟಿ ಆಕೆಯ ಕೈಯಲ್ಲಿದೆ.

ಈ ಹಾನಿಯ ಪರೀಕ್ಷೆಯನ್ನು ಪಕ್ಷಪಾತಕ್ಕೆ ಎಳೆಯಬೇಡಿ. ಬಹಳ ಉತ್ತರಗಳಲ್ಲಿ ಎರಡೂ ಕಲಸಿಹೋಗುತ್ತವೆ. ಅನರ್ಹರಾದವರು ಕುಳಿತು ಕೊಟ್ಟ ತೀರ್ಮಾನ ಬೇರೆಯವರ ಕೈಯಲ್ಲಿ ಬೇರೆಯಾಗುತ್ತಿತ್ತೇ ಎಂದು ಯಾರೂ ತೋರಿಸಬೇಕಿಲ್ಲ.

ಮೇಲ್ಮನವಿಯಲ್ಲಿ ಎಲ್ಲವೂ ಸರಿಹೋಯಿತಲ್ಲ ಎಂಬುದು ಇಲಾಖೆಯ ಕೊನೆಯ ಆಸರೆ. 1986ರಲ್ಲಿ ಲೆಕ್ಕಪರಿಶೋಧಕರ ಸಂಸ್ಥೆಯ ಎಲ್. ಕೆ. ರತ್ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿದೆ: ಮೊದಲ ಹಂತದಲ್ಲಿ ಅನ್ಯಾಯದ ವಿಚಾರಣೆ, ಎರಡನೆಯ ಹಂತದಲ್ಲಿ ನ್ಯಾಯದ ಮೇಲ್ಮನವಿ ಸಿಕ್ಕರೆ ಸಾಕು ಎಂದು ಬಾಧಿತರು ಏಕೆ ತೃಪ್ತಿಪಡಬೇಕು? ಆದರೆ ಇದು ಎಲ್ಲ ಕಾಲಕ್ಕೂ ಅನ್ವಯಿಸುವ ಸೂತ್ರವಲ್ಲ. 1980ರ ಕ್ಯಾಲ್ವಿನ್ ವಿರುದ್ಧ ಕಾರ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಹೊಸದಾಗಿ ಇಡೀ ವಿಷಯ ವಿಚಾರಿಸುವ ಮೇಲ್ಮನವಿ ಕೆಲವೊಮ್ಮೆ ದೋಷ ನಿವಾರಿಸಬಹುದು ಎಂದಿತು. ಅದನ್ನು ಒಪ್ಪಿದರೂ ನಮ್ಮ ಮೇಲ್ಮನವಿ ಅಧಿಕಾರಿ ಹೊಸದಾಗಿ ಏನನ್ನೂ ತೀರ್ಮಾನಿಸಿಲ್ಲ. ಪ್ರತಿ ಕೊಟ್ಟರು, ಕೇಳಿದರು, ಆದರೆ ಸ್ವೀಕೃತಿ ಚೀಟಿಯ ಬಗ್ಗೆಯಾಗಲಿ ಭಾವಮೈದುನನ ಬಗ್ಗೆಯಾಗಲಿ ಒಂದು ಮಾತೂ ಬರೆಯಲಿಲ್ಲ. ಕೆಳಗಿನ ಆದೇಶಕ್ಕೆ ಮೊಹರು ಒತ್ತಿದರು ಅಷ್ಟೇ. ಕ್ರೈಪಾಕ್‌ನಲ್ಲಿ ಆಯೋಗದ ಅನುಮೋದನೆ ಪಟ್ಟಿಯನ್ನು ಉಳಿಸಲಿಲ್ಲ ಎಂಬುದನ್ನು ಎರಡನೆಯ ಬಾರಿ ಬಳಸುವ ಜಾಗ ಇದು.

ಹಂತ 6: ಏನು ಕೇಳಬೇಕು

ಸಲಹೆ ನೀಡಿ ಎಂದರೆ ಪರಿಹಾರವನ್ನೂ ಹೇಳಬೇಕು. ಆಕೆ 226ನೇ ವಿಧಿಯ ಅಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಇನ್ನೊಂದು ಮೇಲ್ಮನವಿ ಅಥವಾ ಪುನರ್‌ಪರಿಶೀಲನೆಗೆ ದಾರಿಯಿದೆ ಎಂದು ಇಲಾಖೆ ತಡೆದರೂ, ನೈಸರ್ಗಿಕ ನ್ಯಾಯ ಉಲ್ಲಂಘನೆಯಾದಾಗ ಅದು ಅಡ್ಡಿಯಲ್ಲ ಎಂದು 1998ರ ವರ್ಲ್‌ಪೂಲ್ ಪ್ರಕರಣ ಹೇಳಿದೆ. ರದ್ದತಿ ಆದೇಶ ಮತ್ತು ಮೇಲ್ಮನವಿ ಆದೇಶ ಎರಡನ್ನೂ ರದ್ದುಪಡಿಸಲು ಕೇಳಬೇಕು. ಒಂದನ್ನೇ ಕೇಳಿದರೆ ಇನ್ನೊಂದು ನಿಂತಿರುತ್ತದೆ.

‘ಆಕೆಗೆ ಪರವಾನಗಿ ಮರಳಿ ಸಿಗುತ್ತದೆ’ ಎಂದು ಮುಗಿಸಬೇಡಿ. ಈ ಆಧಾರದ ಮೇಲೆ ಗೆದ್ದವರು ನಿರ್ದೋಷಿ ಎಂದು ಕೋರ್ಟ್ ಹೇಳಿದಂತಾಗುವುದಿಲ್ಲ. ಸಾಮಾನ್ಯವಾಗಿ ವಿಷಯ ಹಿಂದಕ್ಕೆ ಹೋಗುತ್ತದೆ: ಹೊಸ ನೋಟಿಸ್, ಎಲ್ಲ ದಾಖಲೆಗಳ ಪ್ರತಿ, ಉತ್ತರಿಸಲು ಸಮಯ, ಕಾರಣ ಸಹಿತ ಹೊಸ ಆದೇಶ. ‘ಬೇರೆ ಅಧಿಕಾರಿಯಿಂದ’ ಎಂಬ ಎರಡು ಪದಗಳನ್ನು ಪ್ರಾರ್ಥನೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅದಿಲ್ಲದಿದ್ದರೆ ಕಡತ ಅದೇ ಉಪನಿರ್ದೇಶಕರ ಮೇಜಿಗೆ ವಾಪಸ್ಸಾಗಿ, ಆಲಿಸುವ ದೋಷ ಮಾತ್ರ ಸರಿಯಾಗಿ ಪಕ್ಷಪಾತದ ದೋಷ ಹಾಗೆಯೇ ಉಳಿಯುತ್ತದೆ. ರದ್ದತಿ ಹೋದರೂ ಮಾರ್ಚ್ 5ರ ಅಮಾನತು ನಿಂತಿರುತ್ತದೆ ಎಂಬುದನ್ನೂ ಗಮನಿಸಿ. ಅದನ್ನೂ ಪ್ರಶ್ನಿಸಿ, ಅದು ನಿಲ್ಲುವುದಾದರೆ ಕಾರ್ಡುಗಳನ್ನಾದರೂ ಭಾವಮೈದುನನಲ್ಲದ ಬೇರೊಬ್ಬರ ಅಂಗಡಿಗೆ ಸೇರಿಸುವಂತೆ ಮಧ್ಯಂತರ ಆದೇಶ ಕೋರಬೇಕು.

ಸಂಗತಿ ಬದಲಾದರೆ

ಸಮಯ ಉಳಿದಿದ್ದರೆ ಒಂದೆರಡು ಸಂಗತಿಗಳನ್ನು ತಿರುಗಿಸಿ ನೋಡಿ. ಆಕೆಗೆ ನಂಟಿನ ವಿಷಯ ಮಾರ್ಚ್ 10ಕ್ಕೇ ಗೊತ್ತಿದ್ದು ಉತ್ತರದಲ್ಲಿ ಎತ್ತದೇ ಹೋಗಿದ್ದರೆ, ಮಾಣಕ್ ಲಾಲ್ ತೀರ್ಪಿನಿಂದ ಪಕ್ಷಪಾತದ ವಾದ ಬಹುತೇಕ ಕೈತಪ್ಪುತ್ತದೆ. ಆಗ ಇಡೀ ಉತ್ತರವನ್ನು ದಾಖಲೆಗಳ ಪ್ರತಿಯ ಮೇಲೆ ನಿಲ್ಲಿಸಬೇಕು. ಅದೇ ರೀತಿ ಸ್ವೀಕೃತಿ ಚೀಟಿಯಲ್ಲಿ ಮಾರ್ಚ್ 2ರ ದಿನಾಂಕವಿದ್ದು, ಹೇಳಿಕೆಗಳೂ ಯಂತ್ರದ ದಾಖಲೆಗೆ ಹೊಂದಿಕೊಂಡಿದ್ದರೆ, ಪ್ರತಿ ಕೊಡದಿದ್ದುದರಿಂದ ಆದ ಹಾನಿ ತೋರಿಸುವುದು ಕಷ್ಟ. ಆಗ ಆಕೆಯನ್ನು ಉಳಿಸುವುದು ಪಕ್ಷಪಾತದ ವಾದ ಮಾತ್ರ. ಎರಡೂ ಒಟ್ಟಿಗೆ ಬದಲಾದರೆ, ಗೆಲ್ಲುವ ಸಾಧ್ಯತೆ ಕಡಿಮೆ ಎಂದು ಆಕೆಗೆ ನೇರವಾಗಿ ಹೇಳಿ, ರದ್ದತಿಯ ಬದಲು ಕಡಿಮೆ ದಂಡ ಕೋರುವ ಸಲಹೆ ಬರೆಯಿರಿ.